ಜೂನ್ ಒಂದರ ಚೀಟಿ

ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದವನಿಗೆ ನಾಲ್ಕು ಸಾಲಿನ ಅಭಿನಂದನೆ ಬರೆಯುವುದು ಎಷ್ಟು ಕಷ್ಟ ಎನ್ನುವುದು ನನಗೆ ಗೊತ್ತಾದದ್ದು ನಿವೃತ್ತಿಯ ಮರುದಿನ, 2023ರ ಜೂನ್ 1ರಂದು. ಬೆಳಿಗ್ಗೆ ಒಂಬತ್ತೂವರೆಗೆ ಅಭ್ಯಾಸಬಲದಿಂದ ಅಂಗಿ ಹಾಕಿಕೊಂಡು ಜಗಲಿಗೆ ಬಂದಿದ್ದೆ. ಹೋಗುವುದಕ್ಕೆ ಕಚೇರಿ ಇರಲಿಲ್ಲ. ಹಿಂದಿನ ದಿನ ಹೊದಿಸಿದ ಶಾಲು ಕುರ್ಚಿಯ ಮೇಲಿತ್ತು, ಹಾರವನ್ನು ಮನೆಯವಳು ಆಗಲೇ ಬಿಡಿಸಿ ದೇವರಿಗೆ ಏರಿಸಿದ್ದಳು. ಹಣ್ಣಿನ ಬುಟ್ಟಿಯಲ್ಲಿ ಉಳಿದಿದ್ದು ಸೇಬು ಎರಡೇ.

ಅದೇ ಹೊತ್ತಿಗೆ ಶಿರಸಿ ಬಸ್ ನಿಲ್ದಾಣದಿಂದ ಯಲ್ಲಾಪುರದ ಬಸ್ಸು ಹತ್ತಿದ್ದಳು ನಮ್ಮ ಸಿಬ್ಬಂದಿ ಶಾಖೆಯ ಹುಡುಗಿ. ಹುಡುಗಿ ಎಂದರೆ ಅಂದು ಅವಳಿಗೆ ನಲವತ್ತೊಂದು ತುಂಬಿತ್ತು, ದಾಖಲೆಯ ಪ್ರಕಾರ. ಹದಿನೈದು ವರ್ಷ ನಮ್ಮ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದು, ಅಂದು ಪೂರ್ವಾಹ್ನ ಯಲ್ಲಾಪುರದ ಕಚೇರಿಯಲ್ಲಿ ಅಧೀಕ್ಷಕಿಯಾಗಿ ಹಾಜರಾಗುವವಳಿದ್ದಳು. ಬಡ್ತಿಯೂ ಅಂದೇ, ಹುಟ್ಟುಹಬ್ಬವೂ ಅಂದೇ. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಕೇಕುಗಳು, ದೀಪಗಳು, ಕೈಮುಗಿದ ಗೊಂಬೆಗಳು ಸಾಲುಗಟ್ಟಿದ್ದವು. ‘ಡಬಲ್ ಧಮಾಕಾ ಮೇಡಂ, ಪಾರ್ಟಿ ಯಾವಾಗ?’ ಎಂದು ಹನ್ನೊಂದು ಜನ ಕೇಳಿದ್ದರು. ನಾನು ಹಳೇ ಕಾಲದವನು, ಕಾಗದದಲ್ಲಿ ಬರೆಯೋಣ ಎಂದುಕೊಂಡೆ.

ಬರೆಯಲು ಕುಳಿತಾಗ ಮೊದಲು ತಡೆದದ್ದು ಆ ಜೂನ್ ಒಂದು. ಅದು ನನ್ನದೂ ಹುಟ್ಟುಹಬ್ಬ. ನನ್ನ ಕುರ್ಚಿಯಲ್ಲಿ ನನಗಿಂತ ಮೊದಲು ಕುಳಿತಿದ್ದವರದ್ದೂ ಅದೇ. ನಮ್ಮ ಕಚೇರಿಯ ಹಳೇ ಜವಾನನದ್ದೂ, ಸಿದ್ದಾಪುರದಿಂದ ಈಗ ಅವಳ ಜಾಗಕ್ಕೆ ಬಂದ ಸಹಾಯಕನದ್ದೂ ಅದೇ. ಹೊರಗಿನವರು ನಮ್ಮ ಸೇವಾ ಪುಸ್ತಕಗಳ ಮೊದಲ ಪುಟಗಳನ್ನು ತಿರುವಿ ನೋಡಿದರೆ, ಮಲೆನಾಡಿನಲ್ಲಿ ಮಕ್ಕಳೆಲ್ಲ ಮೃಗಶಿರ ಮಳೆಯ ಮೋಡದ ಜೊತೆಗೇ ಘಟ್ಟ ಹತ್ತಿ ಬರುತ್ತಾರೆಂದು ತಿಳಿದಾರು.

ನಡೆದದ್ದು ಇಷ್ಟು. ನಮ್ಮ ಕಾಲದಲ್ಲಿ ಹೆರಿಗೆ ಮನೆಯ ಒಳಗಿನ ಕೋಣೆಯಲ್ಲಿ. ಹುಟ್ಟು ಸಾವುಗಳ ನೋಂದಣಿಗೆ 1969ರಲ್ಲೇ ಕಾಯ್ದೆ ಬಂದರೂ, ಅಡಿಕೆ ತೋಟದ ತಗ್ಗಿನಲ್ಲಿ ಒಂದೊಂದೇ ಮನೆಯಿದ್ದ ಊರುಗಳಲ್ಲಿ ಅದಕ್ಕಾಗಿ ಯಾರೂ ಚಪ್ಪಲಿ ಮೆಟ್ಟಿ ಹೊರಡುತ್ತಿರಲಿಲ್ಲ. ಮಗುವಿನ ತಾರೀಖು ಬೇಕಾಗುತ್ತಿದ್ದದ್ದು ಶಾಲೆಗೆ ಸೇರಿಸುವಾಗ ಮಾತ್ರ. ಜೂನ್ ತಿಂಗಳು, ಮಳೆ ಹಿಡಿದಿದೆ, ಅಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಮಗುವನ್ನು ಕರೆತಂದಿದ್ದಾನೆ. ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಾರೆ. ಬೆರಳು ಮುಟ್ಟಿದರೆ ಆರು ವರ್ಷ. ‘ಹುಟ್ಟಿದ್ದು ಯಾವಾಗ?’ ಎಂದು ಕೇಳಿದರೆ ಅಪ್ಪ ‘ಕೊಳೆ ಔಷಧಿ ಹೊಡೆಯುವ ವೇಳೆ’ ಎನ್ನುತ್ತಾನೆ, ಇಲ್ಲವೇ ‘ಜಾತ್ರೆ ಆದ ವರ್ಷ’ ಎನ್ನುತ್ತಾನೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಕೊಳೆ ಔಷಧಿ ಪ್ರತಿ ಮಳೆಗಾಲಕ್ಕೂ ಇದ್ದದ್ದೇ. ಇದನ್ನೆಲ್ಲ ರಿಜಿಸ್ಟರಿನ ಪುಟ್ಟ ಕಾಲಮ್ಮಿನಲ್ಲಿ ಬರೆಯಲಿಕ್ಕಾದೀತೇ? ಮಾಸ್ತರರು ಅಂದಿನ ಇಸವಿಯಲ್ಲಿ ಆರು ಕಳೆದು, ಜೂನ್ ಒಂದು ಹಾಕಿ, ಮುಂದಿನ ಮಗುವನ್ನು ಕರೆಯುತ್ತಿದ್ದರು. ಜೂನ್ ಒಂದನ್ನು ಆರಿಸಲು ಕಾರಣವೂ ಇತ್ತು: ಶಾಲೆ ಶುರುವಾಗುವ ದಿನಕ್ಕೆ ಸರಿಯಾಗಿ ಮಗುವಿಗೆ ಪೂರ್ತಿ ಆರಾಗುತ್ತದೆ, ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ. ತನಿಖೆಗೆ ಬಂದವರಿಗೆ ಬೆರಳು ತೋರಿಸಲು ಏನೂ ಉಳಿಯುವುದಿಲ್ಲ.

ಪಾಪ, ಮಾಸ್ತರರಿಗೆ ಅರವತ್ತು ವರ್ಷದ ಆಚೆಯ ಲೆಕ್ಕ ಹೊಳೆದಿರಲಿಕ್ಕಿಲ್ಲ. ನಮ್ಮ ನಾಗರಿಕ ಸೇವಾ ನಿಯಮದ ಪ್ರಕಾರ ನೌಕರ ತನಗೆ ಅರವತ್ತು ತುಂಬುವ ತಿಂಗಳ ಕೊನೆಯ ದಿನ ಅಪರಾಹ್ನ ಮನೆಗೆ ಹೋಗಬೇಕು. ಆದರೆ ತಿಂಗಳ ಒಂದನೇ ತಾರೀಖು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ಹೋಗಬೇಕು. ಅವನ ಅರವತ್ತನೇ ವರ್ಷ ಹಿಂದಿನ ದಿನವೇ ತುಂಬಿಹೋಯಿತಲ್ಲ, ಹಾಗಾಗಿ. ಮಾಸ್ತರರು ಬೇಸರದಲ್ಲೋ ಮರೆತೋ ಜೂನ್ ಎರಡು ಎಂದು ಬರೆದಿದ್ದರೆ ನಾನು ಜೂನ್ 30ರ ತನಕ ಕುರ್ಚಿಯಲ್ಲಿರುತ್ತಿದ್ದೆ, ಒಂದು ತಿಂಗಳ ಪೂರ್ತಿ ಸಂಬಳದ ಜೊತೆ. ಒಂದರ ಬದಲು ಎರಡು ಬರೆಯುವುದಕ್ಕೆ ಎಷ್ಟು ಮಸಿ ಹೆಚ್ಚು ಖರ್ಚಾದೀತು?

ಹೀಗಾಗಿ ಮೇ 31 ಎಂದರೆ ನಮ್ಮ ಕಡೆ ಶಾಲು ಹಾರದ ಅಂಗಡಿಯವರಿಗೆ ಸುಗ್ಗಿ. ಅಂದು ಸಂಜೆ ಶಿರಸಿಯಲ್ಲಿ ಒಂದು ಸುತ್ತು ಹಾಕಿದರೆ, ಒಂದಲ್ಲ ಒಂದು ಕಟ್ಟಡದಿಂದ ಕಣ್ಣೊರೆಸಿಕೊಳ್ಳುತ್ತ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಯಾರೋ ಒಬ್ಬರು ಇಳಿದು ಬರುತ್ತಿರುತ್ತಾರೆ. ಆ ರಾತ್ರಿ ಎಷ್ಟೋ ಕುರ್ಚಿಗಳು ಒಟ್ಟಿಗೇ ಖಾಲಿಯಾಗುತ್ತವೆ. ಖಾಲಿ ಕುರ್ಚಿಯಿಲ್ಲದೆ ಬಡ್ತಿಯಿಲ್ಲ. ಆದ್ದರಿಂದ ಜೂನ್ ಒಂದರಂದು ಹುಟ್ಟಿದವರಿಗೆ, ಅದೇ ದಿನ ಹುಟ್ಟಿದ ಹಿರಿಯರ ಕುರ್ಚಿ, ಅದೇ ದಿನ ಸಿಕ್ಕುವ ಸಂಭವವಿದೆ. ಹೊರಗಿನವರು ಇದನ್ನು ಯೋಗಾಯೋಗ ಎನ್ನುತ್ತಾರೆ, ಜ್ಯೋತಿಷಿಗಳು ಗುರುಬಲ ಎಂದಾರು. ನನಗೆ ಕಾಣುವುದು ಸುಣ್ಣ ಉದುರಿದ ಗೋಡೆಯ ಕೆಳಗೆ ಕುಳಿತು ರಿಜಿಸ್ಟರು ಬರೆಯುತ್ತಿದ್ದ ಇಬ್ಬರು ಮಾಸ್ತರರು. ಒಬ್ಬರು ನನ್ನವರು, ಒಬ್ಬರು ಅವಳವರು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರೂ ಸೇರಿ ಈ ಸುದಿನವನ್ನು ಕೂಡಿಸಿಕೊಟ್ಟರು.

ಸಂಭವ ಎಂದೆ, ಖಾತರಿ ಎನ್ನಲಿಲ್ಲ. ಕುರ್ಚಿ ಖಾಲಿಯಾದ ಮರುದಿನವೇ ಭರ್ತಿಯಾಗುವುದು ನಮ್ಮಲ್ಲಿ ಅಪರೂಪ. ಸಾಮಾನ್ಯವಾಗಿ ಪಕ್ಕದ ಮೇಜಿನವರಿಗೆ ಪ್ರಭಾರ ಕೊಟ್ಟು, ಕಡತ ಮೇಲೆ ಹೋಗಿ, ಜ್ಯೇಷ್ಠತಾ ಪಟ್ಟಿಗೆ ಯಾರೋ ಆಕ್ಷೇಪಣೆ ಹಾಕಿ, ಅದು ಇತ್ಯರ್ಥವಾಗುವಷ್ಟರಲ್ಲಿ ಅಡಿಕೆ ಕೊಯ್ಲು ಮುಗಿದಿರುತ್ತದೆ. ಬಡ್ತಿ ಸಮಿತಿಯ ಮುಂದೆ ಹೆಸರು ಹೋಗಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಿರಬೇಕು, ಹಿಂದಿನ ವರ್ಷಗಳ ಕಾರ್ಯನಿರ್ವಹಣಾ ವರದಿಗಳು ಒಂದೂ ಬಿಡದೆ ಇರಬೇಕು, ವಿಚಾರಣೆ ಬಾಕಿ ಇಲ್ಲವೆಂದು ಬರೆದುಕೊಟ್ಟಿರಬೇಕು. ಇದರಲ್ಲಿ ಒಂದು ಹಾಳೆ ಕಡಿಮೆಯಾದರೂ ಕಡತ ಬಂದ ದಾರಿಯಲ್ಲೇ ತಿರುಗಿ ಬರುತ್ತದೆ. ಅವಳದ್ದು ಸುಸೂತ್ರವಾಗಿ ಆದದ್ದು ಒಂದೇ ಕಾರಣಕ್ಕೆ: ಆ ಕಡತ ನಿರ್ವಹಿಸುವ ಸಿಬ್ಬಂದಿ ಶಾಖೆಯ ಹುಡುಗಿ ಅವಳೇ. ಮುಂದಿನ ಮೇ ಕೊನೆಗೆ ಯಾರ್ಯಾರು ಹೋಗುತ್ತಾರೆಂಬ ಪಟ್ಟಿಯನ್ನು ಹಿಂದಿನ ವರ್ಷವೇ ಮಾಡಿ ಕಳಿಸಿದ್ದಳು. ಆದೇಶದಲ್ಲಿ ‘ದಿನಾಂಕ 31.05.2023ರ ಅಪರಾಹ್ನ ತೆರವಾಗುವ ಹುದ್ದೆ’ ಎಂದು ನನ್ನನ್ನು ಉಲ್ಲೇಖಿಸಲಾಗಿತ್ತು. ಯಲ್ಲಾಪುರದ ಅಧೀಕ್ಷಕರು ತಮ್ಮ ಕೋರಿಕೆಯಂತೆ ಶಿರಸಿಯ ನನ್ನ ಕುರ್ಚಿಗೆ, ಇವಳು ಯಲ್ಲಾಪುರದ ಅವರ ಕುರ್ಚಿಗೆ, ಸಿದ್ದಾಪುರದ ಸಹಾಯಕ ಶಿರಸಿಯ ಇವಳ ಕುರ್ಚಿಗೆ. ನಾನೊಬ್ಬ ಎದ್ದದ್ದಕ್ಕೆ ಮೂರು ತಾಲೂಕಿನಲ್ಲಿ ಕುರ್ಚಿ ಸರಿದವು. ನಾನು ಕೂತಿದ್ದಾಗ ಇಷ್ಟು ಕೆಲಸ ಒಂದೇ ದಿನದಲ್ಲಿ ಎಂದೂ ಆಗಿರಲಿಲ್ಲ.

ನನ್ನ ಬಡ್ತಿಯ ಕಥೆ ಬೇರೆ. ನನ್ನ ಹಿಂದಿನವರು 1951ರ ಜೂನ್ 1ರವರು. ಆಗ ನಿವೃತ್ತಿ ವಯಸ್ಸು 58, ಅಂದರೆ 2009ರ ಮೇ 31ಕ್ಕೆ ಅವರು ಹೋಗಬೇಕಿತ್ತು. ನಾನು ಮನಸ್ಸಿನಲ್ಲೇ ಅವರ ಮೇಜಿನ ಗಾಜು ಒರೆಸಲು ಶುರುಮಾಡಿದ್ದೆ. 2008ರಲ್ಲಿ ಸರ್ಕಾರ 58ನ್ನು 60 ಮಾಡಿತು. ಇಡೀ ಕಚೇರಿ ಪೇಡೆ ತಿಂದಿತು. ನಾನೂ ತಿಂದೆ, ಆದರೆ ಗಂಟಲಲ್ಲಿ ಇಳಿಯಲಿಲ್ಲ. ಮುಂದೆ ಎರಡು ವರ್ಷ ಅವರು ದಿನಾ ಬೆಳಿಗ್ಗೆ ಹೊಸ ಹುರುಪಿನಿಂದ ಬರುತ್ತಿದ್ದರು, ನಾನು ದಿನಾ ಬೆಳಿಗ್ಗೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದೆ. ಅವರಿಗೆ ಎಲ್ಲ ತಿಳಿಯುತ್ತಿತ್ತು. 2011ರಲ್ಲಿ ಕೊನೆಗೂ ಅವರು ಹೋಗಿ, ಕೆಲವು ತಿಂಗಳ ಪ್ರಭಾರ ಮುಗಿಸಿ ನಾನು ಆ ಕುರ್ಚಿಯಲ್ಲಿ ಕುಳಿತ ದಿನ, ಮೇಜಿನ ಮೇಲಿನ ಗಾಜಿನಡಿ ಅವರ ಕೈಬರಹದ ಒಂದು ಚೀಟಿ ಇತ್ತು. ‘ಎಡಗಡೆ ಡ್ರಾಯರನ್ನು ತುಸು ಎತ್ತಿ ಎಳೆಯಬೇಕು. ಕಾಯಿಸಿದ್ದಕ್ಕೆ ಬೇಸರ ಬೇಡ.’ ಅಷ್ಟೇ. ಶುಭಾಶಯ ಎಂಬ ಶಬ್ದ ಅದರಲ್ಲಿರಲಿಲ್ಲ. ಬಡ್ತಿಗೆ ಬಂದ ಅಭಿನಂದನೆಗಳಲ್ಲಿ ನನಗೆ ಇಂದಿಗೂ ನೆನಪಿರುವುದು ಅದೊಂದೇ. ಡ್ರಾಯರೂ ಅವರು ಹೇಳಿದ ಹಾಗೆಯೇ ಇತ್ತು.

ಈಗ ಚೀಟಿ ಬರೆಯುವ ಸರದಿ ನನ್ನದು. ಮೊದಲ ಕರಡು ತಾನಾಗಿ ಹೀಗೆ ಬಂತು: ‘ಉಲ್ಲೇಖಿತ ಆದೇಶವನ್ನು ಪರಿಶೀಲಿಸಲಾಗಿ, ಸದರಿ ನೌಕರರು ಬಡ್ತಿ ಹೊಂದಿರುವುದು ಕಂಡುಬಂದಿದ್ದು, ಅದೇ ದಿನ ಜನ್ಮದಿನವೂ ಆಗಿರುವುದರಿಂದ…’ ಮುಂದೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆಯುವುದೊಂದು ಬಾಕಿ. ಹರಿದು ಹಾಕಿದೆ.

ಎರಡನೆಯದರಲ್ಲಿ ಸಂಬೋಧನೆಯೇ ದಾಟಲಿಲ್ಲ. ನಮ್ಮ ಅಪ್ಪನ ಕಾಲದ ಪತ್ರಗಳಲ್ಲಿ ಕಿರಿಯರಿಗೆ ‘ಚಿ.’ ಎಂದೂ ಹಿರಿಯರಿಗೆ ‘ತೀರ್ಥರೂಪ’ ಎಂದೂ ಬರೆದರೆ ಮುಗಿಯುತ್ತಿತ್ತು. ನಿನ್ನೆಯ ತನಕ ಕೈಕೆಳಗಿನವಳು, ಇಂದು ನಾನು ನಿನ್ನೆ ಇದ್ದ ಅದೇ ದರ್ಜೆಯವಳು. ನಾನೋ, ಯಾವ ದರ್ಜೆಯೂ ಅಲ್ಲ. ಅವಳು ಅಧೀಕ್ಷಕಿ, ನಾನು ಪಿಂಚಣಿದಾರ. ನಾಳೆ ನನ್ನದೊಂದು ಅರ್ಜಿ ಅವಳ ಮೇಜಿಗೆ ಹೋದರೆ ‘ಪಡೆಯಲಾಗಿದೆ’ ಎಂದು ಮುದ್ರೆ ಒತ್ತುವವಳು. ‘ಚಿರಂಜೀವಿ’ ಎಂದರೆ ಸಲುಗೆ ಹೆಚ್ಚಾಯಿತು, ‘ಮಾನ್ಯರೇ’ ಎಂದರೆ ಅವಳು ಹೆದರಿಕೊಂಡಾಳು. ನಾಲ್ಕು ಜನರೆದುರು ‘ನೀವು’ ಎನ್ನುತ್ತಿದ್ದೆ, ಚಹಾ ಕುಡಿಯುವಾಗ ‘ತಂಗಿ, ನೀನು’ ಎನ್ನುತ್ತಿದ್ದೆ. ಚೀಟಿ ನಾಲ್ಕು ಜನ ಓದುವಂಥದ್ದೋ, ಚಹಾ ಹೊತ್ತಿನದ್ದೋ ಎಂದು ತೀರ್ಮಾನಿಸುವಷ್ಟರಲ್ಲಿ ಒಳಗಿನಿಂದ ‘ಎರಡನೇ ಚಾ ಆರೋಗ್ತು’ ಎಂದು ಕೂಗು ಬಂತು. ಸರಿ, ಚಹಾ ಹೊತ್ತಿನದ್ದೇ ಆಗಲಿ ಎಂದುಕೊಂಡೆ.

ಮೂರನೆಯ ಕರಡು ನಾಲ್ಕು ಪುಟವಾಯಿತು. ಓದಿ ನೋಡಿದರೆ ಅದರಲ್ಲಿ ಅವಳು ಅರ್ಧ ಪುಟ, ಉಳಿದ ಮೂರೂವರೆ ಪುಟ ನಾನು. 2008ರಲ್ಲಿ ಅವಳು ಬಂದಾಗ ಟಿಪ್ಪಣಿ ಬರೆಯಲು ನಾನು ಹೇಗೆ ಕಲಿಸಿದೆ, ವಿಶೇಷಣಗಳನ್ನು ಹೇಗೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ, ಅಕೌಂಟ್ಸ್ ಪರೀಕ್ಷೆಗೆ ಕಟ್ಟು ಎಂದು ಹೇಗೆ ಬೆನ್ನುಹತ್ತಿದೆ. ‘ಕೊನೆಗೂ ನಿನ್ನ ಶ್ರಮಕ್ಕೆ ಫಲ ಸಿಕ್ಕಿತು’ ಎಂಬ ಸಾಲೂ ಇತ್ತು. ಈ ‘ಕೊನೆಗೂ’ ಬಹಳ ಅಪಾಯದ ಶಬ್ದ. ಹೊಗಳಿದಂತೆ ಕಾಣುತ್ತದೆ, ಇಷ್ಟು ದಿನ ಯಾಕೆ ಆಗಲಿಲ್ಲ ಎಂದು ಒಳಗೊಳಗೇ ಕೇಳುತ್ತದೆ. ನಾನೇ ಹೊಡೆಯಲು ಕಲಿಸಿದ ವಿಶೇಷಣಗಳು ಆ ನಾಲ್ಕು ಪುಟದಲ್ಲಿ ಎಣಿಸಿದರೆ ಇಪ್ಪತ್ತಾರಿದ್ದವು. ಅವಳು ಓದುವಾಗ ಕೈ ತಾನಾಗಿ ಕೆಂಪು ಪೆನ್ನಿಗೆ ಹೋದೀತೆಂದು ನಾಚಿಕೆಯಾಯಿತು.

ಜೊತೆಗೆ ಆ ಹುಟ್ಟುಹಬ್ಬದ ಸಾಲು. ಬರೆಯಲು ಹೋದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು, ಯಾಕೆಂದರೆ ಅಂದು ಅವಳು ಹುಟ್ಟಿದ ದಿನವಲ್ಲ ಎನ್ನುವುದು ನನಗೆ ಖಚಿತವಾಗಿ ಗೊತ್ತಿತ್ತು.

ಅದು ಗೊತ್ತಾದದ್ದು ಅವಳ ಅಬ್ಬೆಯಿಂದ. ಕೆಲವು ವರ್ಷದ ಹಿಂದೆ ಅವರ ಮನೆಯ ಯಾವುದೋ ಕಾರ್ಯಕ್ಕೆ ಕಚೇರಿಯವರೆಲ್ಲ ಹೋಗಿದ್ದೆವು. ಸಾಲ್ಕಣಿ ಕಡೆಯ ಊರು. ಊಟ ಮುಗಿಸಿ ಕವಳ ಹಾಕುತ್ತ ನಾನು ‘ನಿಮ್ಮ ಮಗಳೂ ನಾನೂ ಒಂದೇ ದಿನ ಹುಟ್ಟಿದವರು’ ಎಂದೆ. ಆ ಅಜ್ಜಿ ಅಡಕತ್ತರಿ ನಿಲ್ಲಿಸಿ ನನ್ನನ್ನು ನೋಡಿದರು. ‘ಇವ್ಳು ಹುಟ್ಟಿದ ದಿನ ಗಂಡಸ್ರೆಲ್ಲ ಮರ ಅಪ್ಪಲೆ ಹೋಗಿದ್ದ. ಸೂಲಗಿತ್ತಿ ಕರೆಯಲೆ ಮನೇಲಿ ಯಾರೂ ಇಲ್ಲೆ!’ ಎಂದರು. ಚೌತಿ ಎದುರಿಗಿತ್ತಂತೆ, ಚಕ್ಕುಲಿ ಹಿಟ್ಟು ಮಾಡಿಟ್ಟಿದ್ದರಂತೆ. ಕಾಡು ಕಡಿಯಲು ಬಂದಿದ್ದಾರೆಂದು ಸುದ್ದಿ ಬಂದು, ಊರಿನ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಹೊರಟರಂತೆ. ಇವರು ಹೊಟ್ಟೆ ಹಿಡಿದುಕೊಂಡು ಮನೆಯಲ್ಲಿ ಉಳಿದರಂತೆ. ಕೊನೆಗೆ ಪಕ್ಕದ ಮನೆಯ ಎಂಬತ್ತರ ಮುದುಕಿಯೇ ಬಂದು ಎಲ್ಲ ಮಾಡಿದ್ದು.

ಮರ ಅಪ್ಪಲು ಹೋದ ದಿನ ಎಂದರೆ ಹುಡುಕುವುದು ಕಷ್ಟವಲ್ಲ. ಅಪ್ಪಿಕೋ ಚಳವಳಿ ಸಾಲ್ಕಣಿಯಲ್ಲಿ ಶುರುವಾದದ್ದು 1983ರ ಸೆಪ್ಟೆಂಬರ್ 8ರಂದು. ಪಾಂಡುರಂಗ ಹೆಗಡೆಯವರ ಹೆಸರಿನ ಜೊತೆ ಆ ತಾರೀಖನ್ನು ಪುಸ್ತಕಗಳು ಬರೆದಿಟ್ಟಿವೆ. ಆ ವರ್ಷದ ಚೌತಿಯೂ ಅದರ ಬೆನ್ನಿಗೇ ಬಂದದ್ದು, ಅಜ್ಜಿಯ ಚಕ್ಕುಲಿ ಹಿಟ್ಟಿಗೆ ಪಂಚಾಂಗದ ಸಾಕ್ಷಿಯಿದೆ. ಪಂಚಾಯ್ತಿಯ ಜನನ ರಿಜಿಸ್ಟರಿನಲ್ಲಿ ಇಲ್ಲದ ಅವಳ ಹುಟ್ಟಿದ ದಿನ ಕಾಡಿನ ಇತಿಹಾಸದಲ್ಲಿ ಸಿಕ್ಕಿತು.

ಮತ್ತೆ ಜೂನ್ 1, 1982 ಎಲ್ಲಿಂದ ಬಂತು? 1988ರ ಜೂನಿನಲ್ಲಿ ಅವಳ ಅಣ್ಣನ ಜೊತೆ ಇವಳನ್ನೂ ಶಾಲೆಗೆ ದಬ್ಬಿದರು. ದಾರಿಯಲ್ಲಿ ಹಳ್ಳ ದಾಟಬೇಕು, ಇಬ್ಬರೂ ಒಟ್ಟಿಗಿದ್ದರೆ ಒಳ್ಳೆಯದು ಎಂದು. ಅವಳಿಗೆ ಆಗ ನಿಜಕ್ಕೆ ನಾಲ್ಕು ವರ್ಷ ಒಂಬತ್ತು ತಿಂಗಳು ಆಗಿರಬಹುದು. ಕೈ ಉದ್ದವಿತ್ತೇನೋ, ಬೆರಳು ಕಿವಿ ಮುಟ್ಟಿತು. ಎಂಬತ್ತೆಂಟರಲ್ಲಿ ಆರು ಕಳೆದರೆ ಎಂಬತ್ತೆರಡು. ಆ ಲೆಕ್ಕ ಹತ್ತನೇ ಇಯತ್ತೆಯ ಸರ್ಟಿಫಿಕೇಟಿಗೆ ಹೋಯಿತು, ಅಲ್ಲಿಂದ ಸೇವಾ ಪುಸ್ತಕದ ಮೊದಲ ಪುಟಕ್ಕೆ, ಅಂಕಿಯಲ್ಲೂ ಅಕ್ಷರದಲ್ಲೂ. ಈ ಲೆಕ್ಕದಲ್ಲಿ ಅವಳು 2042ರ ಮೇ 31ಕ್ಕೆ ನಿವೃತ್ತಳಾಗುತ್ತಾಳೆ. ಅಬ್ಬೆಯ ಲೆಕ್ಕದಲ್ಲಾದರೆ 2043ರ ಸೆಪ್ಟೆಂಬರ್ 30ರ ತನಕ ಇರಬಹುದಿತ್ತು. ಹಳ್ಳ ದಾಟುವ ಜೊತೆಗಾಗಿ ಹದಿನಾರು ತಿಂಗಳ ಸಂಬಳ ಹೋಯಿತು.

ತಿದ್ದಿಸಲು ಬರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನೌಕರರ ವಯಸ್ಸು ನಿರ್ಧರಿಸುವುದಕ್ಕೆಂದೇ ನಮ್ಮ ರಾಜ್ಯದಲ್ಲಿ 1974ರ ಒಂದು ಕಾಯ್ದೆ ಇದೆ. ಸೇವಾ ಪುಸ್ತಕದಲ್ಲಿ ತಾರೀಖು ದಾಖಲಾದ ಮೇಲೆ ಮೂರು ವರ್ಷದೊಳಗೆ ಕೇಳಿದರೆ ಉಂಟು, ಆಮೇಲೆ ದೇವರೇ ಬಂದು ಸಾಕ್ಷಿ ಹೇಳಿದರೂ ಇಲ್ಲ. ಆ ಮೂರು ವರ್ಷದಲ್ಲಿ ಹೊಸ ನೌಕರನಿಗೆ ಇರುವ ಯೋಚನೆ ಪ್ರೊಬೇಷನ್ ಮುಗಿದರೆ ಸಾಕು ಎನ್ನುವುದೊಂದೇ. ಇಪ್ಪತ್ತೈದನೇ ವಯಸ್ಸಿನಲ್ಲಿ ಅರವತ್ತರ ಬಗ್ಗೆ ಯಾರಿಗೆ ಪುರಸೊತ್ತು? ಯಾರಾದರೂ ನಿವೃತ್ತಿಯ ಹಿಂದಿನ ವರ್ಷ ಅಬ್ಬೆಯ ಜಾತಕ ಹಿಡಿದುಕೊಂಡು ಬಂದರೆ, ಆ ಅರ್ಜಿಯನ್ನು ‘ಅವಧಿ ಮೀರಿದೆ’ ಎಂದು ಹಿಂದಿರುಗಿಸುವ ಟಿಪ್ಪಣಿಯನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ನನ್ನದೇ ಜಾತಕ ಕ್ರೋಧಿ ಸಂವತ್ಸರದ ಕಾರ್ತಿಕ ಎನ್ನುತ್ತದೆ, ಅಂದರೆ 1964ರ ನವೆಂಬರ್. ಅದರ ಪ್ರಕಾರ ಸರ್ಕಾರ ನನಗೆ ಅರವತ್ತು ಮಾಡಿ ಕಳಿಸಿದ ದಿನ ನನಗೆ ಐವತ್ತೆಂಟೂವರೆ. ಷಷ್ಟ್ಯಬ್ದಿ ಮಾಡಿಸಲು ಭಟ್ಟರು ಇನ್ನೂ ಕಾಯಿರಿ ಎಂದಿದ್ದರು. ಸರ್ಕಾರ ಕಾಯಲಿಲ್ಲ.

ಈ ನನ್ನ ನಿವೃತ್ತಿಯ ಕಾಗದಗಳಿಂದಲೇ ಅವಳ ಬಗ್ಗೆ ಬರೆಯಬೇಕಾದದ್ದು ನನಗೆ ಹೊಳೆದದ್ದು. ಪಿಂಚಣಿ ಪ್ರಸ್ತಾವನೆ ಮಹಾಲೇಖಪಾಲರ ಕಚೇರಿಗೆ ಹೋಗುವ ಮೊದಲು ಸೇವಾ ಪುಸ್ತಕವನ್ನು ಮೊದಲ ದಿನದಿಂದ ಕೊನೆಯ ತನಕ ಓದಬೇಕು. ಒಂದು ದಿನದ ಲೆಕ್ಕ ತಪ್ಪಿದರೂ ಆಕ್ಷೇಪಣೆ ಬರುತ್ತದೆ, ಆಕ್ಷೇಪಣೆ ಬಂದರೆ ಪಿಂಚಣಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನನ್ನ ಪುಸ್ತಕ ಓದಿದವಳು ಅವಳು. 1994ರ ಮಳೆಗಾಲದಲ್ಲಿ ನಾನು ಯಲ್ಲಾಪುರದಲ್ಲಿದ್ದಾಗ ಕಾಮಾಲೆ ಆಗಿ ಇಪ್ಪತ್ತಮೂರು ದಿನ ಮಲಗಿದ್ದೆ. ರಜೆ ಮಂಜೂರಾಗಿತ್ತು, ಆದರೆ ಮಂಜೂರಾತಿಯನ್ನು ಯಾರೂ ಪುಸ್ತಕದಲ್ಲಿ ನಮೂದಿಸಿರಲಿಲ್ಲ. ಆದೇಶದ ಪ್ರತಿ ನನ್ನ ಹತ್ತಿರವೂ ಇರಲಿಲ್ಲ. ಕಾಗದದ ಲೆಕ್ಕದಲ್ಲಿ ಆ ಇಪ್ಪತ್ತಮೂರು ದಿನ ನಾನು ಇಲ್ಲವೇ ಇಲ್ಲ. ಇಪ್ಪತ್ತೆಂಟು ವರ್ಷದ ಹಿಂದಿನದು ಸಿಗುವುದುಂಟೇ ಎಂದು ನಾನು ಕೈಬಿಟ್ಟಿದ್ದೆ. ಹದಿನೈದು ದಿನ ಬಿಟ್ಟು ನೋಡಿದರೆ ಆದೇಶದ ದೃಢೀಕೃತ ನಕಲು ಕಡತದಲ್ಲಿತ್ತು. ಅಂಚು ನೀರು ಕುಡಿದು ಕಂದಾಗಿದ್ದ ಹಾಳೆಯ ನಕಲು. ಹೇಗೆ ಸಿಕ್ಕಿತು ಎಂದು ಕೇಳಿದ್ದಕ್ಕೆ ‘ಸಿಕ್ಕಿತು ಸರ್’ ಎಂದಳು. ಮುಂದೆ ಕಡತ ತಿರುವುವಾಗ ಹಾಳೆಗಳ ನಡುವೆ ಯಲ್ಲಾಪುರಕ್ಕೆ ಹೋಗಿಬಂದ ಎರಡು ಬಸ್ ಟಿಕೆಟ್ ಸಿಕ್ಕವು. ತಾರೀಖು ನೋಡಿದರೆ ಅವಳು ಸಾಂದರ್ಭಿಕ ರಜೆ ಹಾಕಿದ್ದ ದಿನ. ಮಗುವಿಗೆ ಜ್ವರ ಎಂದು ಅರ್ಜಿಯಲ್ಲಿತ್ತು. ಆ ರಜೆ ಮಂಜೂರು ಮಾಡಿದ್ದು ನಾನೇ. ಮಂಚಿಕೇರಿ ದಾರಿಯಲ್ಲಿ ಐವತ್ತು ಕಿಲೋಮೀಟರು ಹೋಗಿ, ರೆಕಾರ್ಡ್ ಕೋಣೆಯ ಕೆಂಪು ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ನನ್ನ ಇಪ್ಪತ್ತಮೂರು ದಿನವನ್ನು ಹುಡುಕಿ ತಂದಿದ್ದಳು.

ಹಾಳೆಯ ಅಂಚು ಯಾಕೆ ಕಂದಾಗಿತ್ತೆಂದು ನನಗೆ ಗೊತ್ತು. ಯಲ್ಲಾಪುರದ ಆ ಕೋಣೆಯಲ್ಲಿ ಪಶ್ಚಿಮದ ಕಿಟಕಿಯ ಪಕ್ಕದಲ್ಲಿ ಒಂದು ಕಪಾಟಿದೆ. ಆರಿದ್ರ ಮಳೆ ಗಾಳಿ ಸಮೇತ ಹೊಡೆದಾಗ ಕಿಟಕಿಯ ಸಂದಿನಿಂದ ನೀರು ಒಳಗಿಳಿದು ಕಪಾಟಿನ ಕೆಳಗಿನ ಎರಡು ಅಂತಸ್ತಿಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಗೋಡೆ ಒಣಗಿಯೇ ಇರುತ್ತದೆ, ಗಂಟಿನ ಕೆಳಬದಿ ಮುಟ್ಟಿದರೆ ಮಾತ್ರ ತಂಪು. 1994ರಲ್ಲೂ ಹಾಗೇ ಇತ್ತು. ಅವಳು ಕಂದು ಹಾಳೆ ತಂದದ್ದರಿಂದ ಈಗಲೂ ಹಾಗೇ ಇದೆ ಎಂದಾಯಿತು. ಮೃಗಶಿರ ಇನ್ನೊಂದು ವಾರಕ್ಕೆ ಹುಟ್ಟುವುದರಲ್ಲಿತ್ತು. ಅವಳು ಹೊಸ ಕುರ್ಚಿಯಲ್ಲಿ ಕೂತು ಮಾಡಬೇಕಾದ ಮೊದಲ ಕೆಲಸ ಅದು.

ನಾಲ್ಕನೆಯ ಕರಡಿಗೆ ಹತ್ತು ನಿಮಿಷ ಸಾಕಾಯಿತು.

‘ತಂಗಿ, ನೀನು ಅಧೀಕ್ಷಕಿಯಾಗಿದ್ದು ಬಹಳ ಸಂತೋಷ. ಮಗುವಿನ ಜ್ವರದ ರಜೆಯಲ್ಲಿ ಯಲ್ಲಾಪುರಕ್ಕೆ ಹೋಗಿದ್ದೆ ಎಂದು ಟಿಕೆಟ್ ನೋಡಿ ತಿಳಿಯಿತು. ಮೊನ್ನೆ ಪಿಂಚಣಿ ಆದೇಶ ಯಾವ ಆಕ್ಷೇಪಣೆಯೂ ಇಲ್ಲದೆ ಬಂತು. ಅದು ನಿನ್ನಿಂದ. ಅಲ್ಲಿ ಪಶ್ಚಿಮದ ಕಿಟಕಿ ಪಕ್ಕದ ಕಪಾಟಿನ ಕೆಳಗಿನ ಎರಡು ಅಂತಸ್ತಿಗೆ ಆರಿದ್ರದಲ್ಲಿ ನೀರು ಬರುತ್ತದೆ. ಸೇವಾ ಪುಸ್ತಕಗಳನ್ನು ಇವತ್ತೇ ಮೇಲಕ್ಕೆ ಎತ್ತಿಸು. ಹುಟ್ಟುಹಬ್ಬದ ಶುಭಾಶಯ ಈ ಚೀಟಿಯಲ್ಲಿಲ್ಲ, ಅದು ಅದರ ವೇಳೆಗೆ ಬರುತ್ತದೆ.’

ಚೀಟಿಯ ಜೊತೆ ಹತ್ತು ತೊಡೆದೇವು ಕಳಿಸೋಣ ಎಂದು ಮನೆಯವಳು ಹೇಳಿದಳು. ಬೇಡವೆಂದೆ. ತೊಡೆದೇವನ್ನು ಬಸ್ಸಿನಲ್ಲಿ ಕಳಿಸಿದರೆ ತಲುಪುವುದು ಪುಡಿ. ಅವಳು ಕೇಳಲಿಲ್ಲ, ಡಬ್ಬಿಗೆ ಹಳೇ ಪಂಚೆ ಸುತ್ತಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡಿಸಿದಳು. ಸಂಜೆ ಫೋನು ಬಂತು. ‘ಸರ್, ಕೆಳಗಿನ ಅಂತಸ್ತಿನಿಂದ ನಲವತ್ತೆರಡು ಪುಸ್ತಕ ತೆಗೆಸಿದೆ, ಆರಕ್ಕೆ ಆಗಲೇ ಗೆದ್ದಲು ಹತ್ತಿತ್ತು’ ಎಂದಳು. ತೊಡೆದೇವು ಏನಾಯಿತೆಂದು ಕೇಳಿದೆ. ಚಮಚದಲ್ಲಿ ತಿಂದೆವು ಎಂದಳು.

ಸೆಪ್ಟೆಂಬರ್ ಐದಕ್ಕೆ ಅಂಚೆ ಕಚೇರಿಗೆ ಹೋಗಿ ಐವತ್ತು ಪೈಸೆಯ ಒಂದು ಕಾರ್ಡು ತಂದೆ. ಅದರಲ್ಲಿ ‘ನಲವತ್ತು ತುಂಬಿದ್ದಕ್ಕೆ ಶುಭಾಶಯ’ ಎಂದಷ್ಟೇ ಬರೆದೆ. ಎಂಟನೇ ತಾರೀಖು, ಶುಕ್ರವಾರ, ಯಲ್ಲಾಪುರದ ಕಚೇರಿಯ ಟಪಾಲಿನಲ್ಲಿ ಬೇರೆ ಕಾಗದಗಳ ಜೊತೆ ಅದೂ ಬಂತಂತೆ. ಅಲ್ಲಿಯ ಹೊಸ ಹುಡುಗ ಅದಕ್ಕೂ ಇನ್‌ವರ್ಡ್ ನಂಬರು ಹಾಕಿ ಅವಳ ಮೇಜಿಗಿಟ್ಟನಂತೆ.